ನಿಲ್ದಾಣದ ಹಾಲಿನಲ್ಲಿ ಎಚ್ಚರಿಕೆಯ ಮಾತು ತಿಳಿಯುವಂತೆ ಮಾಡಿದ ಬಗೆ

ಕಾಸರಗೋಡು ಜಿಲ್ಲೆಯ ಕರಾವಳಿಯಲ್ಲಿರುವ ಒಂದು ರೈಲು ನಿಲ್ದಾಣದ ಪ್ರವೇಶ ಹಾಲಿಗೆ ಧ್ವನಿ ಎಚ್ಚರಿಕೆ ವ್ಯವಸ್ಥೆಯನ್ನು ಸರಿಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಲಿನ ಉದ್ದ 40 ಮೀಟರ್, ಅಗಲ 12, ಎತ್ತರ 10. ನೆಲ ಗ್ರಾನೈಟ್, ಗೋಡೆ ಸಿಮೆಂಟ್ ಗಾರೆ, ಮೇಲೆ ತಗಡಿನ ಮಾಡು. ಮಾಡಿನ ಕೆಳಗೆ ಹತ್ತು ಸ್ಪೀಕರ್‌ಗಳನ್ನು ನೆಲದ ಕಡೆಗೆ ಮುಖ ಮಾಡಿ ತೂಗುಹಾಕಿದ್ದರು. ಅಲ್ಲಿನ ಸಿಬ್ಬಂದಿಯೊಬ್ಬರು ಮೊದಲ ದಿನವೇ, "ಸರ್, ಶಬ್ದ ಕೇಳ್ತದೆ, ಮಾತು ಗೊತ್ತಾಗುವುದಿಲ್ಲ" ಎಂದರು. ಇಡೀ ಸಮಸ್ಯೆ ಆ ಒಂದು ವಾಕ್ಯದಲ್ಲಿತ್ತು.

ಮಾತಿನ ಸ್ಪಷ್ಟತೆಯನ್ನು ಎಸ್‌ಟಿಐ ಎಂಬ ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಹೇಳುತ್ತಾರೆ. ಹಾಲಿನ ಸರಾಸರಿ 0.50 ಇರಬೇಕು, ಯಾವ ಜಾಗದಲ್ಲೂ 0.45ಕ್ಕಿಂತ ಕೆಳಗಿಳಿಯಬಾರದು ಎಂಬುದು ನಮ್ಮ ಕರಾರು. ರಾತ್ರಿ ಹಾಲು ಖಾಲಿಯಾದ ಮೇಲೆ ಪರೀಕ್ಷಾ ಸಂಕೇತವನ್ನು ಸ್ಪೀಕರ್‌ಗಳಲ್ಲಿ ನುಡಿಸಿ, ನಿಂತವರ ಕಿವಿಯ ಎತ್ತರದಲ್ಲಿ ಅಳೆದಾಗ ಸುಮಾರು 0.36 ಬಂತು. ಅನಂತರ ಶಬ್ದವನ್ನು ಆರು ಡೆಸಿಬೆಲ್ ಏರಿಸಿ ಅದೇ ಜಾಗಗಳಲ್ಲಿ ಮತ್ತೆ ಅಳೆದೆ. ಹಿನ್ನೆಲೆಯ ಗದ್ದಲ ಕಾರಣವಾಗಿದ್ದರೆ ಸಂಖ್ಯೆ ಏರಬೇಕಿತ್ತು, ಅದು ಕದಲಲಿಲ್ಲ. ಹಾಗಾದರೆ ಮಾತನ್ನು ಕೆಡಿಸುತ್ತಿದ್ದುದು ಹಾಲಿನದೇ ಅನುರಣನ, ಎಂದರೆ ಮೂಲ ದನಿ ನಿಂತ ಮೇಲೂ ಗೋಡೆ, ನೆಲ, ಮಾಡುಗಳ ನಡುವೆ ಪುಟಿಯುತ್ತ ಉಳಿಯುವ ದನಿ. ಅದರ ಅವಧಿ ಮಧ್ಯದ ಆವೃತ್ತಿಗಳಲ್ಲಿ 3.5 ಸೆಕೆಂಡ್ ಇತ್ತು. ಈ ಪರೀಕ್ಷೆಯನ್ನು ಮಾಡದೆ ಯಾರೂ ಸ್ಪೀಕರ್ ಖರೀದಿಗೆ ಇಳಿಯಬಾರದೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನೂ ಹತ್ತು ಸ್ಪೀಕರ್ ಸೇರಿಸೋಣ ಎಂಬ ಸಲಹೆ ಆಗಲೇ ಬಂದಿತ್ತು. ಅದು ಏಕೆ ಹಾನಿ ಮಾಡುತ್ತದೆ ಎಂಬುದನ್ನು ಈ ಸೂತ್ರ ತೋರಿಸುತ್ತದೆ:

```
Dc = 0.057 × √(Q × V / (N × T))
```

Dc ಎಂದರೆ ಸ್ಪೀಕರಿನಿಂದ ನೇರವಾಗಿ ಬರುವ ದನಿಯೂ ಹಾಲಿನಲ್ಲಿ ಸುತ್ತಾಡುವ ದನಿಯೂ ಸಮವಾಗುವ ದೂರ, ಮೀಟರಿನಲ್ಲಿ. Q ಸ್ಪೀಕರ್ ದನಿಯನ್ನು ಒಂದೇ ದಿಕ್ಕಿಗೆ ಕೂಡಿಸುವ ಪ್ರಮಾಣ, V ಹಾಲಿನ ಘನ ಅಳತೆ, N ಒಂದೇ ಬಲದಲ್ಲಿ ನುಡಿಯುವ ಸ್ಪೀಕರ್‌ಗಳ ಸಂಖ್ಯೆ, T ಅನುರಣನದ ಅವಧಿ. ಕೇಳುಗನಿಗೆ ನೇರ ದನಿ ಒಂದು ಸ್ಪೀಕರಿನಿಂದಷ್ಟೇ ಬರುತ್ತದೆ, ಅನುರಣನವನ್ನು ಮಾತ್ರ ಎಲ್ಲವೂ ಸೇರಿ ಬೆಳೆಸುತ್ತವೆ ಎಂಬುದು ಇದರ ಹಿಂದಿನ ಎಣಿಕೆ. ಹಳೆಯ ಜೋಡಣೆಯಲ್ಲಿ Q 5, V 4800, N 10. Dc ಬಂದದ್ದು ಒಂದೂವರೆ ಮೀಟರ್. ಕಿವಿಯಾದರೋ ಸ್ಪೀಕರಿನಿಂದ ಎಂಟು ಮೀಟರ್ ಕೆಳಗೆ, ಎಂದರೆ ನೇರ ದನಿ ಅನುರಣನಕ್ಕಿಂತ ಹದಿನಾಲ್ಕು ಡೆಸಿಬೆಲಿಗೂ ಹೆಚ್ಚು ಕೆಳಗೆ. ಸ್ಪೀಕರ್ ಇಪ್ಪತ್ತಾದರೆ Dc ಸುಮಾರು ಒಂದು ಮೀಟರಿಗೆ ಇಳಿಯುತ್ತದೆ.

ಆದ್ದರಿಂದ ಮಾಡಿನ ಸ್ಪೀಕರ್‌ಗಳನ್ನೆಲ್ಲ ಇಳಿಸಿ, ಉದ್ದನೆಯ ಒಂದು ಗೋಡೆಯ ಮೇಲೆ ಹತ್ತು ಹತ್ತು ಮೀಟರ್ ಅಂತರದಲ್ಲಿ ಕಂಬದಂತೆ ನೀಳವಾದ ನಾಲ್ಕು ಕಾಲಂ ಸ್ಪೀಕರ್‌ಗಳನ್ನು, ತಲೆಗಿಂತ ಸ್ವಲ್ಪವೇ ಮೇಲೆ ಬರುವಂತೆ ಕೂರಿಸಿದೆ. ಕಾಲಂ ದನಿಯನ್ನು ಅಡ್ಡಕ್ಕೆ ಹರಡಿ ಮೇಲಕ್ಕೂ ಕೆಳಕ್ಕೂ ಬಿಗಿಹಿಡಿಯುವುದರಿಂದ ಮಾಡಿಗೆ ಹೋಗುವ ಶಕ್ತಿ ಕಡಿಮೆಯಾಗುತ್ತದೆ. Q ಸುಮಾರು 20 ಸಿಗುತ್ತದೆ. ಆದರೆ ತಗ್ಗು ಆವೃತ್ತಿಗಳ ಮೇಲೆ ಅದಕ್ಕೆ ಹಿಡಿತವಿಲ್ಲ. ಹಾಲು ಹೆಚ್ಚು ಹೊತ್ತು ಗುಡುಗುವುದೂ ಅಲ್ಲಿಯೇ. ಹಾಗಾಗಿ 200 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದೆ. ದನಿ ತೆಳುವಾಯಿತೆಂದು ಕೆಲವರು ಆಕ್ಷೇಪಿಸಿದರೂ ಅದನ್ನು ಬದಲಿಸಲು ನಾನು ಒಪ್ಪಲಿಲ್ಲ.

ಕಾಲಂಗಳಿಂದ ಮಾತ್ರ ಎದುರು ಗೋಡೆಯ ಬಳಿ 0.45 ದಾಟುವುದು ಲೆಕ್ಕದಲ್ಲೇ ಸಂಶಯವಾಗಿತ್ತು; ಅನುರಣನವನ್ನೂ ಇಳಿಸಬೇಕಿತ್ತು. ಅವಧಿಯನ್ನು 1.8 ಸೆಕೆಂಡಿಗೆ ತರಲು, ಅನುರಣನದ ಅವಧಿಯನ್ನು ದನಿಯ ಹೀರಿಕೆಗೆ ಜೋಡಿಸುವ ಸೇಬೈನ್ ಸೂತ್ರದ ಪ್ರಕಾರ ಸುಮಾರು 208 ಚದರ ಮೀಟರಿನಷ್ಟು ಹೀರಿಕೆ ಹೆಚ್ಚಬೇಕು. ಬಿದ್ದ ದನಿಯಲ್ಲಿ ಹತ್ತರಲ್ಲಿ ಎಂಟು ಪಾಲನ್ನು ಹೀರುವ ಹಲಗೆಯಾದರೆ 260 ಚದರ ಮೀಟರ್, ಅಂದರೆ ಮಾಡಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಕಡಲಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ತೂತುಗಳಿರುವ ಅಲ್ಯೂಮಿನಿಯಂ ಹಾಳೆಯ ಹಿಂದೆ ರಾಕ್‌ವೂಲ್ ಹಲಗೆ ಇಡಿಸಿದೆ. ಇಷ್ಟಾದ ಮೇಲೆ ಎದುರು ಗೋಡೆಯ ಬಳಿ 0.52, ಕಾಲಂಗಳ ಸಮೀಪ 0.60 ಬಂತು.

ಈ ಅಂಕಿಗಳು ಖಾಲಿ ಹಾಲಿನವು. ಗದ್ದಲವನ್ನು ಪ್ರತಿ ಆವೃತ್ತಿಯ ಪಟ್ಟಿಯಲ್ಲೂ ಬೇರೆಯಾಗಿ ಅಳೆದು ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಬೇಸಿಗೆಯ ದಿನಗಳಲ್ಲಿ ಅದು 62 ಡೆಸಿಬೆಲ್ ಇದ್ದರೆ, ಜುಲೈ ತಿಂಗಳ ಜಡಿಮಳೆ ತಗಡಿನ ಮೇಲೆ ಬಿದ್ದಾಗ 74 ಆಯಿತು. ಮಾತು ಗದ್ದಲಕ್ಕಿಂತ ಹತ್ತು ಡೆಸಿಬೆಲ್ ಮೇಲಿರಲೆಂದು, ಹಾಲಿನ ಗದ್ದಲವನ್ನು ಗಮನಿಸುವ ಮೈಕ್ ಇರಿಸಿ ಶಬ್ದ ತಾನಾಗಿಯೇ ಏರುವಂತೆ ಮಾಡಿದೆ. ಘೋಷಣೆ ನಡೆಯುವಾಗ ಆ ಮೈಕ್ ಅಳೆಯಬಾರದು. ಇಲ್ಲವಾದರೆ ಅದು ಘೋಷಣೆಯನ್ನೇ ಗದ್ದಲವೆಂದು ಎಣಿಸಿ ಶಬ್ದವನ್ನು ಮತ್ತೆ ಮತ್ತೆ ಏರಿಸುತ್ತದೆ. ಮಳೆಯಲ್ಲಿ 84 ಡೆಸಿಬೆಲಿಗೆ ಏರಿದಾಗ ಎದುರು ಗೋಡೆಯ ಬಳಿ 0.47 ಉಳಿಯಿತು, ಹಾಲಿನ ಸರಾಸರಿ 0.51 ಇತ್ತು. ಅದಕ್ಕಿಂತ ಮೇಲೇರಿಸುವುದರಲ್ಲಿ ಲಾಭ ಕಾಣಲಿಲ್ಲ. ದನಿ ಅತಿ ಜೋರಾದರೆ ಕಿವಿಯೊಳಗೇ ಒಂದು ಆವೃತ್ತಿ ಇನ್ನೊಂದನ್ನು ಮುಚ್ಚುತ್ತದೆ, ಎಸ್‌ಟಿಐ ಮತ್ತೆ ಇಳಿಯುತ್ತದೆ. ಆದ್ದರಿಂದ ಮಿತಿಯನ್ನು 86ಕ್ಕೆ ಕಟ್ಟಿದೆ.