ಗಳಿಕೆ ರಜೆಯ ನಗದೀಕರಣಕ್ಕಾಗಿ ನಾನು ಬರೆದ ಮನವಿ

ಬಳಸದೆ ಉಳಿದ ಗಳಿಕೆ ರಜೆಯನ್ನು ನಗದೀಕರಿಸಿಕೊಡುವಂತೆ ವೇತನ ವಿಭಾಗಕ್ಕೆ ಬರೆಯುವ ಮುನ್ನ ನಾನು ನಮ್ಮ ಸಂಸ್ಥೆಯ ರಜೆ ನಿಯಮಾವಳಿಯನ್ನು ತೆರೆದು ನೋಡಿದೆ. ಸೇವೆಯಲ್ಲಿರುವಾಗಲೇ ನಗದೀಕರಣ ಪಡೆಯುವ ಅವಕಾಶ ಎಲ್ಲ ಕಡೆ ಇರುವುದಿಲ್ಲ. ನಮ್ಮಲ್ಲಿ ಅದು ಇತ್ತು. ಆದರೆ ಖಾತೆಯಲ್ಲಿ 30 ದಿನಗಳನ್ನು ಉಳಿಸಿಕೊಂಡು, ಅದಕ್ಕಿಂತ ಹೆಚ್ಚಿರುವ ದಿನಗಳಿಗೆ ಮಾತ್ರ ಹಣ ಕೇಳಬಹುದಾಗಿತ್ತು.

ನನ್ನ ರಜೆ ಖಾತೆಯಲ್ಲಿ 46 ದಿನಗಳು ಕಾಣುತ್ತಿದ್ದವು. ಮುಂದಿನ ತಿಂಗಳಿಗೆ ಮಂಜೂರಾಗಿದ್ದ 4 ದಿನಗಳ ರಜೆ ಇನ್ನೂ ಖಾತೆಗೆ ಖರ್ಚು ಬಿದ್ದಿರಲಿಲ್ಲವಾದ್ದರಿಂದ ಅದನ್ನು ನಾನೇ ಕಳೆದು, ಉಳಿದ 42ರಲ್ಲಿ 12 ದಿನಗಳಿಗಷ್ಟೇ ಮನವಿ ಸಲ್ಲಿಸಿದೆ. ಲೆಕ್ಕದಲ್ಲಿ ಇಂಥ ವ್ಯತ್ಯಾಸ ಉಳಿದರೆ ಮನವಿ ಹಿಂದಿರುಗಬಹುದು. ಪತ್ರದ ಒಕ್ಕಣೆ ಹೀಗಿತ್ತು:

“ಮಾನ್ಯರೇ,
ವಿಷಯ: 12 ದಿನಗಳ ಗಳಿಕೆ ರಜೆಯ ನಗದೀಕರಣ ಕೋರಿ.
ಈ ತಿಂಗಳ 1ನೇ ತಾರೀಖಿಗೆ ನನ್ನ ಖಾತೆಯಲ್ಲಿ 46 ದಿನಗಳ ಗಳಿಕೆ ರಜೆ ಜಮೆ ಇದ್ದು, ಮಂಜೂರಾಗಿರುವ 4 ದಿನಗಳನ್ನು ಕಳೆದರೆ 42 ದಿನಗಳು ಉಳಿಯುತ್ತವೆ. ನಿಯಮಾನುಸಾರ 30 ದಿನಗಳನ್ನು ಉಳಿಸಿಕೊಂಡು, 12 ದಿನಗಳನ್ನು ನಗದೀಕರಿಸಿ, ಮೊತ್ತವನ್ನು ಈ ತಿಂಗಳ ವೇತನದೊಂದಿಗೆ ಪಾವತಿಸಬೇಕೆಂದು ಕೋರುತ್ತೇನೆ. ಅಷ್ಟು ದಿನಗಳನ್ನು ನನ್ನ ರಜೆ ಖಾತೆಯಿಂದ ಕಡಿತಗೊಳಿಸಲು ನನ್ನ ಒಪ್ಪಿಗೆ ಇದೆ. ಲೆಕ್ಕದ ವಿವರವನ್ನು ಒದಗಿಸಬೇಕಾಗಿ ವಿನಂತಿ.”

ಕೆಳಗೆ ನೌಕರರ ಸಂಖ್ಯೆ, ಹುದ್ದೆ ಮತ್ತು ದಿನಾಂಕವನ್ನು ಬರೆದು, ರಜೆ ಖಾತೆಯ ಪ್ರತಿಯನ್ನು ಲಗತ್ತಿಸಿದೆ. ಜಮೆಯನ್ನು ದೃಢೀಕರಿಸುವುದು ಮಾನವ ಸಂಪನ್ಮೂಲ ವಿಭಾಗದ ಕೆಲಸ, ವೇತನ ವಿಭಾಗದ್ದಲ್ಲ. ಆದ್ದರಿಂದ ಅವರ ಸಹಿಯಾದ ಮೇಲೆಯೇ ಪತ್ರವನ್ನು ಮುಂದಕ್ಕೆ ಕೊಟ್ಟೆ. ತಿಂಗಳ ವೇತನ ಪಟ್ಟಿ ಅಂತಿಮವಾಗುವ ದಿನವನ್ನೂ ಮೊದಲೇ ಕೇಳಿಕೊಂಡಿದ್ದೆ, ಏಕೆಂದರೆ ಅದು ದಾಟಿದರೆ ಹಣ ಮುಂದಿನ ತಿಂಗಳಿಗೆ ಹೋಗುತ್ತದೆ.

ಮೊತ್ತವನ್ನು ನಾನು ಪತ್ರದಲ್ಲಿ ಬೇಕೆಂದೇ ಬರೆಯಲಿಲ್ಲ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 39,000 ರೂಪಾಯಿ ಎಂದಿಟ್ಟುಕೊಂಡರೆ, 30ರಿಂದ ಭಾಗಿಸಿದಾಗ ದಿನಕ್ಕೆ 1,300ರಂತೆ 15,600 ರೂಪಾಯಿ ಬರುತ್ತದೆ. 26ರಿಂದ ಭಾಗಿಸಿದಾಗ ದಿನಕ್ಕೆ 1,500ರಂತೆ 18,000 ರೂಪಾಯಿ ಆಗುತ್ತದೆ. ಯಾವ ಭಾಜಕ, ಯಾವ ಭತ್ಯೆಗಳು ಎಂಬುದನ್ನು ಸಂಸ್ಥೆಯ ನಿಯಮವೇ ಹೇಳಬೇಕು. ನಮ್ಮಲ್ಲಿ ಆ ಸಾಲು ಅಸ್ಪಷ್ಟವಾಗಿದ್ದುದರಿಂದಲೇ ಲೆಕ್ಕದ ವಿವರ ಕೇಳಿದ್ದು.

ವೇತನ ಚೀಟಿ ಬಂದಾಗ ಮೂರು ಅಂಶಗಳನ್ನು ನೋಡಿದೆ. ನಗದೀಕರಣದ ಮೊತ್ತ ಪ್ರತ್ಯೇಕ ಸಾಲಿನಲ್ಲಿತ್ತು. ಸೇವೆಯಲ್ಲಿರುವಾಗ ಪಡೆದ ಈ ಹಣ ಸಂಬಳದಂತೆಯೇ ಆದಾಯ ತೆರಿಗೆಗೆ ಒಳಪಡುವುದರಿಂದ ತೆರಿಗೆ ಕಡಿತ ಕೊಂಚ ಏರಿತ್ತು. ಭವಿಷ್ಯ ನಿಧಿಯ ವಂತಿಗೆಯನ್ನು ಮಾತ್ರ ಇದರ ಮೇಲೆ ಹಿಡಿದಿರಲಿಲ್ಲ; 2008ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ರಜೆ ನಗದೀಕರಣವು ಆ ವಂತಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಅದೇ ವಾರ ರಜೆ ಖಾತೆಯ ಹೊಸ ಪ್ರತಿಯನ್ನು ತೆಗೆದು, 12 ದಿನಗಳು ಒಮ್ಮೆ ಮಾತ್ರ ಕಡಿತವಾಗಿರುವುದನ್ನು ಖಚಿತಪಡಿಸಿಕೊಂಡೆ.