ರೇಡಾರ್ ಚಿತ್ರ ನೋಡಿ ಅಬ್ಬಿಗೆ ಇಳಿಯುವುದೋ ಬಿಡುವುದೋ: ನನ್ನ ಅನುಭವ

ಅಕ್ಟೋಬರ್‌ನಲ್ಲಿ ಉತ್ತರ ಕನ್ನಡದ ಘಟ್ಟದಲ್ಲಿ ಬೆಳಿಗ್ಗೆ ಹತ್ತು ಗಂಟೆಯ ಆಕಾಶ ನೋಡಿ ಏನೂ ಹೇಳಲಾಗದು. ಬೆಳಿಗ್ಗೆ ಚೊಕ್ಕ ಬಿಸಿಲಿದ್ದ ದಿನವೇ ಮಧ್ಯಾಹ್ನ ಎರಡು ಗಂಟೆಯ ಮೇಲೆ ಬಯಲುಸೀಮೆಯ ಕಡೆಯಿಂದ ಗುಡುಗಿನ ಮಳೆ ಘಟ್ಟಕ್ಕೆ ಬರುತ್ತದೆ. ಯಾಣದ ಹತ್ತಿರದ ವಿಭೂತಿ ಜಲಪಾತದಂಥ ಜಾಗಕ್ಕೆ ಗುಂಪು ಕರೆದೊಯ್ಯುವವರಿಗೆ ಇದು ದೊಡ್ಡ ತಲೆನೋವು. ತಲೆಯ ಮೇಲೆ ಬಿಸಿಲಿದ್ದಾಗಲೂ ಮೇಲಿನ ಕಾಡಿನಲ್ಲಿ ಬಿದ್ದ ಮಳೆ ಹಳ್ಳಕ್ಕೆ ಬಂದುಬಿಡಬಹುದು. ಹಾಗಾಗಿ ನೀರಿಗಿಳಿಯುವ ಮುಂಚೆ ನಾನು ಗೋವಾ ರೇಡಾರ್‌ನ ಚಿತ್ರ ನೋಡುತ್ತೇನೆ. ನೋಡುವ ಕ್ರಮ ಹೀಗಿದೆ.

ಮೊದಲು ನೋಡುವುದು ಬಣ್ಣವನ್ನಲ್ಲ, ಗಂಟೆಯನ್ನು. ಹವಾಮಾನ ಇಲಾಖೆಯ mausam.imd.gov.in ಪುಟದ ರೇಡಾರ್ ಮತ್ತು ಉಪಗ್ರಹ ಚಿತ್ರಗಳಲ್ಲಿ ಸಮಯ ಬಹುಪಾಲು UTC ಎಂದು ಇರುತ್ತದೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಗಡಿಯಾರದ ಸಮಯ. 08:30 UTC ಅಂದರೆ ನಮ್ಮ ಮಧ್ಯಾಹ್ನ ಎರಡು ಗಂಟೆ. ಅದನ್ನು ಬೆಳಿಗ್ಗೆ ಎಂಟೂವರೆಯ ಚಿತ್ರ ಎಂದುಕೊಂಡು ‘ಇದು ಹಳೇದು ಬಿಡಿ’ ಎಂದು ತಳ್ಳಿಹಾಕುವವರು ಬಹಳ. ವಾಟ್ಸಾಪ್‌ನಲ್ಲಿ ಬರುವ ಸ್ಕ್ರೀನ್‌ಶಾಟ್‌ಗಳಲ್ಲಿ ಅಂಚು ಕತ್ತರಿಸಿ ಸಮಯವೂ ಬಣ್ಣದ ಪಟ್ಟಿಯೂ ಹೋಗಿರುತ್ತವೆ. ಅಂಥ ಚಿತ್ರವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗುಡುಗಿನ ಕಾಲದಲ್ಲಿ ಅರ್ಧ ಗಂಟೆಗಿಂತ ಹಳೆಯ ರೇಡಾರ್ ಚಿತ್ರದಿಂದ ಪ್ರಯೋಜನವಿಲ್ಲ, ಏಕೆಂದರೆ ಒಂದು ಗುಡುಗಿನ ಮೋಡ ಹುಟ್ಟಿ, ಬೆಳೆದು, ಸುರಿಯತೊಡಗಲು ಅಷ್ಟೇ ಹೊತ್ತು ಸಾಕು. ರೇಡಾರ್ ದುರಸ್ತಿಗೆ ನಿಂತಿದ್ದರೆ ಪುಟದಲ್ಲಿ ನಿನ್ನೆಯ ಚಿತ್ರವೇ ಉಳಿದಿರಬಹುದು, ಆದ್ದರಿಂದ ತಾರೀಖನ್ನೂ ಓದಬೇಕು.

ಎರಡನೆಯದು, ನಾವಿರುವ ಜಾಗ ಚಿತ್ರದಲ್ಲಿ ಎಲ್ಲಿ ಎನ್ನುವುದು. ನಡುವಿನ ಚುಕ್ಕೆ ಪಣಜಿ, ಸುತ್ತಲಿನ ಬಳೆಗಳು ದೂರದ ಗುರುತು. ಯಾಣ ಅಲ್ಲಿಂದ ಆಗ್ನೇಯಕ್ಕೆ, ತುಸು ದಕ್ಷಿಣಕ್ಕೆ ವಾಲಿದಂತೆ, ನೇರ ಗೆರೆಯಲ್ಲಿ ಸುಮಾರು 130 ಕಿ.ಮೀ. ಚಿತ್ರದಲ್ಲಿ ನಮಗೆ ಬೇಕಾದ ಊರಿನ ಹೆಸರು ಇರುವುದೇ ಅಪರೂಪ. ಅದಕ್ಕೆ ಮನೆಯಲ್ಲಿ ಆರಾಮಾಗಿ ಕುಳಿತಾಗ ಒಂದು ಖಾಲಿ ರೇಡಾರ್ ಚಿತ್ರ ಉಳಿಸಿಕೊಂಡು, ಯಾಣ, ಸಿರಸಿ, ಹಾನಗಲ್, ಕುಮಟಾಗಳಿಗೆ ಅದರ ಮೇಲೆ ಚುಕ್ಕೆ ಇಟ್ಟುಕೊಂಡರೆ ಹೊರಡುವ ದಿನ ಪರದಾಡಬೇಕಾಗಿಲ್ಲ.

ಆಮೇಲೆ ಬಣ್ಣ. ಬಣ್ಣಗಳ ಸಾಲು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ, ಆದ್ದರಿಂದ ಪಕ್ಕದ ಬಣ್ಣದ ಪಟ್ಟಿಯ dBZ ಸಂಖ್ಯೆಯನ್ನೇ, ಅಂದರೆ ಮಳೆಹನಿಗೆ ತಾಗಿ ರೇಡಾರ್‌ಗೆ ಮರಳುವ ಅಲೆಯ ಬಲವನ್ನೇ ಓದಬೇಕು. ಸಾಮಾನ್ಯ ಲೆಕ್ಕದಲ್ಲಿ 20 ಅಂದರೆ ಬರಿಯ ತುಂತುರು, 30 ಅಂದರೆ ಗಂಟೆಗೆ ಎರಡು-ಮೂರು ಮಿ.ಮೀ., 40 ಅಂದರೆ ಹನ್ನೊಂದು-ಹನ್ನೆರಡು ಮಿ.ಮೀ., 50 ಅಂದರೆ ಐವತ್ತರ ಆಸುಪಾಸು. ಸಂಖ್ಯೆ ಹತ್ತು ಏರಿದರೆ ಮಳೆ ಸುಮಾರು ನಾಲ್ಕು ಪಟ್ಟು ಏರುತ್ತದೆ ಎಂದಿಟ್ಟುಕೊಂಡರೆ ಸಾಕು.

ಇಲ್ಲೊಂದು ತೊಡಕಿದೆ. ಜನ ಹೆಚ್ಚಾಗಿ ಹಂಚಿಕೊಳ್ಳುವುದು MAX (Z) ಎಂಬ ಚಿತ್ರ. ಒಂದು ಜಾಗದ ಮೇಲೆ ಆಕಾಶದ ಎಲ್ಲ ಎತ್ತರಗಳಲ್ಲಿ ಸಿಕ್ಕ ಅತಿ ಹೆಚ್ಚಿನ ಸಂಖ್ಯೆಯನ್ನು ಅದು ತೋರಿಸುತ್ತದೆ, ನೆಲಕ್ಕೆ ಬೀಳುತ್ತಿರುವ ಮಳೆಯನ್ನಲ್ಲ. ಎಂಟು ಕಿ.ಮೀ. ಎತ್ತರದಲ್ಲಿ ಮೋಡದ ತುದಿ ಮುಂದಕ್ಕೆ ಚಾಚಿಕೊಂಡಿದ್ದರೆ ಅದರ ಕೆಳಗಿನ ಊರಿನಲ್ಲಿ ಒಂದು ಹನಿಯೂ ಬಿದ್ದಿರದಿದ್ದರೂ ಚಿತ್ರದಲ್ಲಿ ಬಣ್ಣ ಮೂಡಿರುತ್ತದೆ. ಹಾಗೆಂದು MAX (Z) ಕೆಲಸಕ್ಕೆ ಬಾರದ್ದು ಎನ್ನುವಂತಿಲ್ಲ. ಅದರ ನಿಜವಾದ ಉಪಯೋಗ ಇರುವುದು ಯಾರೂ ನೋಡದ ಎರಡು ಪಟ್ಟಿಗಳಲ್ಲಿ. ಚೌಕದ ಮೇಲೆ ಒಂದು ಅಡ್ಡ ಪಟ್ಟಿ, ಬಲಕ್ಕೆ ಒಂದು ಉದ್ದ ಪಟ್ಟಿ ಇರುತ್ತದೆ. ಮೋಡಗಳನ್ನು ಪಕ್ಕದಿಂದ ನೋಡಿದರೆ ಎಷ್ಟು ಎತ್ತರ ಎನ್ನುವುದನ್ನು ಅವು ಕಿ.ಮೀ. ಗೆರೆಗಳೊಂದಿಗೆ ತೋರಿಸುತ್ತವೆ.

ನಮ್ಮ ಕಡೆ ನೀರು ಹೆಪ್ಪುಗಟ್ಟುವ ಮಟ್ಟ ಸುಮಾರು ಐದು ಕಿ.ಮೀ. ಎತ್ತರದಲ್ಲಿದೆ. ಮಿಂಚು ಹುಟ್ಟಬೇಕಾದರೆ ಮಳೆಯ ಗಟ್ಟಿ ಭಾಗ ಅದಕ್ಕಿಂತ ಮೇಲಕ್ಕೆ ಹೋಗಿ, ಅಲ್ಲಿ ಮಂಜುಗಡ್ಡೆಯ ಕಣಗಳು ಒಂದಕ್ಕೊಂದು ತಾಗಿ ವಿದ್ಯುತ್ತು ಬೇರ್ಪಡಬೇಕು. ಹಾಗಾಗಿ ಆ ಎತ್ತರದ ಪಟ್ಟಿಗಳಲ್ಲಿ 40 dBZಯ ಬಣ್ಣ ಏಳು ಕಿ.ಮೀ. ಗೆರೆ ಮುಟ್ಟಿದೆಯೇ ಎಂದು ನೋಡುತ್ತೇನೆ. ಮುಟ್ಟಿದ್ದರೆ ಅಲ್ಲಿ ಸಿಡಿಲಿದೆ, ಇಲ್ಲವೇ ಇನ್ನು ಕೆಲವೇ ನಿಮಿಷದಲ್ಲಿ ಬರುತ್ತದೆ ಎಂದೇ ಲೆಕ್ಕ. ಅದೇ 40ರ ಬಣ್ಣ ನಾಲ್ಕು ಕಿ.ಮೀ.ಗೆ ನಿಂತಿದ್ದರೆ ಸುಮ್ಮನೆ ಮಳೆ. ನಕ್ಷೆಯ ಮೋಡವನ್ನು ಪಟ್ಟಿಯ ಮೋಡಕ್ಕೆ ಹೊಂದಿಸಲು ಫೋನಿನ ಪರದೆಯ ಮೇಲೆ ಕಾಗದದ ಅಂಚು ಇಟ್ಟು ನೇರ ಮೇಲಕ್ಕೆ ಸರಿಸಿದರೆ ಆಯಿತು. ಆದರೆ ಅದೇ ನೇರದಲ್ಲಿ ಉತ್ತರಕ್ಕೋ ದಕ್ಷಿಣಕ್ಕೋ ಇನ್ನೊಂದು ಮೋಡ ಇದ್ದರೆ ಮೇಲಿನ ಪಟ್ಟಿಯಲ್ಲಿ ಎರಡೂ ಒಂದರ ಮೇಲೊಂದು ಕೂತಿರುತ್ತವೆ. ಆಗ ಬಲಗಡೆಯ ಪಟ್ಟಿಯನ್ನೂ ನೋಡಿ ಯಾವುದರ ಎತ್ತರ ಯಾವುದು ಎಂದು ಬಿಡಿಸಿಕೊಳ್ಳಬೇಕು.

ಒಂದೇ ಚಿತ್ರದಿಂದ ಮೋಡ ಎತ್ತ ಹೊರಟಿದೆ ಎಂದು ತಿಳಿಯದು. ಅರ್ಧ ಗಂಟೆ ಅಂತರದ ಎರಡಾದರೂ ಬೇಕು. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. 08:00 UTC ಚಿತ್ರದಲ್ಲಿ, ಅಂದರೆ ಮಧ್ಯಾಹ್ನ ಒಂದೂವರೆಗೆ, 45 dBZಯ ಮುದ್ದೆಯ ಮುಂಚೂಣಿ ಹಾನಗಲ್ ಮೇಲಿದೆ ಎನ್ನೋಣ. ಅಲ್ಲಿಂದ ಯಾಣಕ್ಕೆ ನೇರ ಗೆರೆಯಲ್ಲಿ ಸುಮಾರು 60 ಕಿ.ಮೀ. 08:30 UTC ಚಿತ್ರದಲ್ಲಿ ಅದು ಸಿರಸಿಯಿಂದ ಪೂರ್ವಕ್ಕೆ ಇಪ್ಪತ್ತು ಕಿ.ಮೀ. ಒಳಗೆ ಬಂದಿದೆ, ಯಾಣಕ್ಕೆ 45 ಕಿ.ಮೀ. ಉಳಿದಿದೆ. ಅರ್ಧ ಗಂಟೆಗೆ 15 ಕಿ.ಮೀ. ಅಂದರೆ ವೇಗ ಗಂಟೆಗೆ 30. ಸರಳ ಭಾಗಾಕಾರದಲ್ಲಿ ಮೋಡ ಯಾಣಕ್ಕೆ ಬರುವುದು ಮೂರೂವರೆಗೆ. ಈಗ ಎರಡು ಗಂಟೆ, ಇನ್ನೂ ಒಂದೂವರೆ ಗಂಟೆ ಇದೆಯಲ್ಲ, ಒಂದು ಮುಳುಗು ಹಾಕಿ ಬರೋಣ ಎನ್ನಿಸುವುದು ಸಹಜ.

ಆ ಒಂದೂವರೆ ಗಂಟೆಯನ್ನು ನಾನು ಅರ್ಧಕ್ಕೆ ಇಳಿಸುತ್ತೇನೆ. ಅದಕ್ಕೆ ಮೂರು ಕಾರಣಗಳಿವೆ. ಹಳ್ಳಕ್ಕೆ ನೀರು ಬರುವುದು ಮೇಲಿನ ಘಟ್ಟದಿಂದ. ಹತ್ತು ಕಿ.ಮೀ. ಪೂರ್ವಕ್ಕೆ ಮಳೆ ಹಿಡಿದರೂ ಸಾಕು, ಮೋಡ ನಮ್ಮ ತಲೆಯ ಮೇಲೆ ಬರುವುದಕ್ಕಿಂತ ಇಪ್ಪತ್ತು ನಿಮಿಷ ಮುಂಚೆಯೇ ಅಪಾಯ ಶುರುವಾಯಿತು. ಎರಡನೆಯದಾಗಿ, ಸಿಡಿಲು ಮಳೆಯ ಅಂಚಿನಿಂದ ಹತ್ತು ಕಿ.ಮೀ. ದೂರಕ್ಕೂ ಬಡಿಯಬಲ್ಲದು, ಆದ್ದರಿಂದ ಅಲ್ಲೂ ಇಪ್ಪತ್ತು ನಿಮಿಷ ಕಳೆಯಬೇಕು. ಮೂರನೆಯದೇ ನಿಜವಾದ ತೊಂದರೆ: ಗುಡುಗಿನ ಮೋಡ ಒಂದೇ ಮುದ್ದೆಯಾಗಿ ಸಾಗಿಬರುವುದಿಲ್ಲ. ಹಳೆಯದರಿಂದ ಕೆಳಕ್ಕೆ ನುಗ್ಗುವ ತಂಪು ಗಾಳಿ ಮುಂದೆ ಹರಡಿ, ಕಡಲಿನ ಕಡೆಯಿಂದ ಬರುವ ಹಸಿ ಗಾಳಿಯನ್ನು ಘಟ್ಟದ ಅಂಚಿನಲ್ಲಿ ಮೇಲಕ್ಕೆತ್ತುತ್ತದೆ, ಅಲ್ಲಿ ಹೊಸ ಮೋಡ ಏಳುತ್ತದೆ. ಹೀಗೆ ಮುಂಚೂಣಿ ಒಮ್ಮೆಲೇ ಹದಿನೈದು ಕಿ.ಮೀ. ಜಿಗಿದಂತೆ ಕಾಣುತ್ತದೆ. ಹೀಗೆ ಅರ್ಧಕ್ಕೆ ಇಳಿಸಿದರೆ ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ನಲವತ್ತೈದು ನಿಮಿಷ. ಗುಂಪು ನಡೆದು ಇಳಿದು, ಬಟ್ಟೆ ಬದಲಿಸಿ, ನೀರಾಡಿ, ಮತ್ತೆ ವಾಹನದ ಹತ್ತಿರ ಬರುವಷ್ಟರಲ್ಲಿ ಒಂದೂವರೆ ಗಂಟೆ ಖಂಡಿತ. ಆದ್ದರಿಂದ ಈ ಲೆಕ್ಕದಲ್ಲಿ ಆ ದಿನ ನೀರಿಗೆ ಇಳಿಯುವಂತಿಲ್ಲ. ಯಾಣದ ಬಂಡೆ ನೋಡಿಕೊಂಡು ಬೇಗ ಹೊರಡುವುದೇ ಸರಿ.

ಕೆಲವು ಬಣ್ಣಗಳು ಮಳೆಯೇ ಅಲ್ಲ. ರೇಡಾರ್‌ನ ನಡುಚುಕ್ಕೆಯ ಸುತ್ತ ಗಂಟೆಗಟ್ಟಲೆ ಅಲ್ಲಾಡದೆ ಕೂತ ಕಲೆಗಳು ಗುಡ್ಡ, ಕಟ್ಟಡಗಳ ಪ್ರತಿಫಲನ. ನಡುವಿನಿಂದ ಅಂಚಿನವರೆಗೆ ಸ್ಕೇಲ್ ಇಟ್ಟು ಎಳೆದಂಥ ಗೆರೆ ಇದ್ದರೆ ಅದು ಬೇರೆ ಯಾವುದೋ ರೇಡಿಯೋ ಅಲೆಯ ಅಡ್ಡಿ. ಎರಡು ಚಿತ್ರ ಹೋಲಿಸಿದಾಗ ಇವು ತಾವಾಗಿಯೇ ಸಿಕ್ಕಿಬೀಳುತ್ತವೆ. ಕೆಲವು ಆ್ಯಪ್‌ಗಳಲ್ಲಿ ಮಳೆಯ ಬಣ್ಣ ಮುಂದಿನ ಗಂಟೆಗಳಿಗೂ ಓಡುತ್ತದೆ. ಇನ್ನೂ ಬಾರದ ಗಂಟೆಯ ಚಿತ್ರ ರೇಡಾರ್‌ನದ್ದಾಗಿರಲು ಸಾಧ್ಯವೇ ಇಲ್ಲ, ಅದು ಕಂಪ್ಯೂಟರ್ ಲೆಕ್ಕದ ಮುನ್ಸೂಚನೆ.

ಇದಕ್ಕಿಂತ ಅಪಾಯಕಾರಿ, ಚಿತ್ರ ಖಾಲಿ ಇದ್ದು ನೆಲದಲ್ಲಿ ಮಳೆ ಸುರಿಯುತ್ತಿರುವುದು. ರೇಡಾರ್‌ನ ಕಿರಣ ನೇರ ಹೋದರೂ ಭೂಮಿ ಕೆಳಕ್ಕೆ ಬಾಗುತ್ತದೆ. ಅರ್ಧ ಡಿಗ್ರಿ ಮೇಲ್ಮುಖವಾಗಿ ಹೊರಟ ಕಿರಣ ಯಾಣದ ಮೇಲೆ ಬರುವಾಗ ಸುಮಾರು ಎರಡು ಕಿ.ಮೀ. ಎತ್ತರದಲ್ಲಿರುತ್ತದೆ, ಜೋಗದ ಮೇಲೆ ಮೂರು ಕಿ.ಮೀ. ದಾಟಿರುತ್ತದೆ. ಚೆನ್ನೈ ರೇಡಾರ್‌ನ ಕಿರಣ ಬೆಂಗಳೂರಿನ ಮೇಲೆ ಏಳು ಕಿ.ಮೀ.ಗೂ ಮೇಲೆ. ಅಕ್ಟೋಬರ್‌ನ ಗುಡುಗಿನ ಮೋಡ ಹತ್ತು-ಹನ್ನೆರಡು ಕಿ.ಮೀ. ಏರುವುದರಿಂದ ಯಾಣದ ಮಟ್ಟಿಗೆ ತಪ್ಪಿಸಿಕೊಳ್ಳುವುದಿಲ್ಲ. ಆದರೆ ಜೂನ್-ಜುಲೈನ ಘಟ್ಟದ ಮಳೆ ಹಾಗಲ್ಲ. ಕಡಲ ಗಾಳಿ ಬೆಟ್ಟಕ್ಕೆ ತಾಗಿ ಏರುವಾಗ ಕೆಳಮಟ್ಟದಲ್ಲೇ ಮಳೆಯಾಗಿ ಸುರಿದುಬಿಡುತ್ತದೆ, ಅದರ ಬಹುಪಾಲು ಕಿರಣದ ಕೆಳಗೇ ನಡೆಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ತಿಳಿಬಣ್ಣ ನೋಡಿ ಹಳ್ಳಕ್ಕೆ ಇಳಿಯುವ ಮಾತೇ ಇಲ್ಲ. ಆಗ ನನಗೆ ಬೇಕಾದದ್ದು ಹಿಂದಿನ 24 ಗಂಟೆಯ ಮಳೆಮಾಪಕದ ಅಂಕಿ, ಮತ್ತೆ ಮೇಲಿನ ಊರಿನವರಿಗೆ ಒಂದು ಫೋನು.

ಉಪಗ್ರಹದ ಚಿತ್ರಕ್ಕೂ ಇದೇ ಎಚ್ಚರ ಬೇಕು. ಇನ್ಸಾಟ್‌ನ ಇನ್ಫ್ರಾರೆಡ್ ಚಿತ್ರ ಮೋಡದ ನೆತ್ತಿಯ ತಂಪನ್ನು ಅಳೆಯುತ್ತದೆ, ಮಳೆಯನ್ನಲ್ಲ. ಘಟ್ಟದ ಗಿಡ್ಡ ಮೋಡ ಅದರಲ್ಲಿ ಮಸುಕು ಬೂದು. ಮಳೆಯೆಲ್ಲ ಸುರಿದು ಮುಗಿದ ಗುಡುಗಿನ ಮೋಡದ ಉಳಿದ ಪದರ ಮಾತ್ರ ಬೆಳ್ಳಗೆ ಅರ್ಧ ಜಿಲ್ಲೆ ಮುಚ್ಚಿಕೊಂಡಿರುತ್ತದೆ. ನಾನು ಉಪಗ್ರಹ ನೋಡುವುದು ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡೂವರೆಯೊಳಗೆ, ಅದೂ ಬರಿಗಣ್ಣಿಗೆ ಕಾಣುವ ಬೆಳಕಿನ ಚಿತ್ರ, VIS ಎಂದು ಬರೆದಿರುವುದು. ಅದರ ಒಂದು ಚುಕ್ಕೆ ಒಂದು ಕಿ.ಮೀ., ಇನ್ಫ್ರಾರೆಡ್‌ನದ್ದು ನಾಲ್ಕು. ಸಿರಸಿ, ಮುಂಡಗೋಡ, ಹಾನಗಲ್ ಮೇಲೆ ಹರಳು ಹರಳಾದ ಬಿಳಿ ಮೋಡ ಆಗಲೇ ಎದ್ದಿದ್ದರೆ, ಮುಂದಿನ ಚಿತ್ರದಲ್ಲಿ ಅವು ಅಂಚು ಚೂಪಾಗಿ ದಪ್ಪಗಾಗಿದ್ದರೆ, ರೇಡಾರ್‌ನಲ್ಲಿ ಇನ್ನೂ ಏನೂ ಇಲ್ಲದಿದ್ದರೂ ಮಧ್ಯಾಹ್ನದ ಹೊಳೆಸ್ನಾನ ಕೈಬಿಡುತ್ತೇನೆ.

ಕಣಿವೆಗೆ ಇಳಿದ ಮೇಲೆ ನೆಟ್‌ವರ್ಕ್ ನೆಚ್ಚುವಂತಿಲ್ಲ. ಸಿಗ್ನಲ್ ಗಟ್ಟಿಯಿರುವ ಕೊನೆಯ ಜಾಗದಲ್ಲೇ ಎರಡು ರೇಡಾರ್ ಚಿತ್ರ ಉಳಿಸಿಕೊಂಡು, ದಾಮಿನಿ ಆ್ಯಪ್‌ನಲ್ಲಿ ಈಚಿನ ಸಿಡಿಲು ಎಲ್ಲಿ ಬಿದ್ದಿದೆ ನೋಡಿ, ‘ಇಷ್ಟು ಗಂಟೆಗೆ ಎಲ್ಲರೂ ನೀರಿನಿಂದ ಮೇಲೆ’ ಎಂದು ಗುಂಪಿಗೆ ಹೇಳಿಬಿಡಬೇಕು. ಕೆಳಗೆ ಹೋದ ಮೇಲೆ ಆ ಗಂಟೆ ಬದಲಾಗುವುದಿದ್ದರೆ ಇನ್ನೂ ಬೇಗಕ್ಕೆ ಮಾತ್ರ, ತಡಕ್ಕಲ್ಲ. ಗುಡುಗು ಕೇಳಿದರೆ, ನೀರು ಕೆಂಪಗಾದರೆ, ಎಲೆ-ಕಡ್ಡಿ ತೇಲಿಬರತೊಡಗಿದರೆ ಗಡಿಯಾರ ನೋಡುತ್ತ ನಿಲ್ಲದೆ ದಂಡೆ ಹತ್ತಿ ಹಳ್ಳದ ಪಾತ್ರದಿಂದ ದೂರ ಸರಿಯುವುದು. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಕಳೆದರೆ ಸಿಡಿಲಿನ ಭಯ ಕಡಿಮೆ, ಆದರೆ ಆ ಲೆಕ್ಕ ಹಳ್ಳಕ್ಕೆ ನಡೆಯದು. ಮಳೆ ನಿಂತ ಮೇಲೂ ನೀರು ಏರುತ್ತಿರಬಹುದು, ಆದ್ದರಿಂದ ಆ ದಿನ ಮತ್ತೆ ಇಳಿಸುವುದಿಲ್ಲ.