‘ಅಂತೆ’ ಕಂಡಲ್ಲೆಲ್ಲ ಉಪಮೆಯೇ? ಛಂದಸ್ಸು, ಅಲಂಕಾರದ ಉತ್ತರ ತಿದ್ದುವುದು ಹೀಗೆ

ಹತ್ತನೇ ತರಗತಿಯ ಕನ್ನಡ ಉತ್ತರಪತ್ರಿಕೆ ತಿದ್ದಲು ಕೂತರೆ ಛಂದಸ್ಸಿನ ಉತ್ತರ ಬೇಗ ಮುಗಿಯುತ್ತದೆ. ಅಲ್ಲಿ ಎಣಿಸಿ ನೋಡಬಹುದು. ‘ಕೆರೆಯ ನೀರಲಿ ಹಾಲು ಚೆಲ್ಲಿದೆ’ ಎಂಬ ಸಾಲು ಕೊಟ್ಟಿದ್ದೀರಿ ಎಂದುಕೊಳ್ಳಿ. ಕೆರೆಯ ಮೂರು ಮಾತ್ರೆ, ನೀರಲಿ ನಾಲ್ಕು, ಹಾಲು ಮೂರು, ಚೆಲ್ಲಿದೆ ನಾಲ್ಕು. ಒಟ್ಟು 14. ಮೂರು-ನಾಲ್ಕು-ಮೂರು-ನಾಲ್ಕು ಎಂದು ನಡೆಯುವುದರಿಂದ ಇದು ಭಾಮಿನಿ ಷಟ್ಪದಿಯ ಸಾಲು. ಮಗುವಿನ ಲೆಕ್ಕ 13ಕ್ಕೆ ನಿಂತಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕುವುದೂ ಕಷ್ಟವಲ್ಲ. ‘ಚೆಲ್ಲಿದೆ’ಯ ‘ಚೆ’ ಮೇಲೆ ಲಘು ಹಾಕಿರುತ್ತದೆ. ಮುಂದೆ ಒತ್ತಕ್ಷರ ಇರುವುದರಿಂದ ಅದು ಗುರು ಆಗಬೇಕು. ಪ್ರಸ್ತಾರ, ಗಣ ಎರಡೂ ಸರಿಯಿದ್ದು ಹೆಸರು ಮಾತ್ರ ‘ವಾರ್ಧಕ’ ಎಂದಿದ್ದರೆ ಗಣ ನೋಡಿ ಸಾಕು: ವಾರ್ಧಕದಲ್ಲಿ ಐದೈದು ಮಾತ್ರೆ ಬರಬೇಕು.

ಅಲಂಕಾರದಲ್ಲಿ ಇಂಥ ಲೆಕ್ಕ ಸಿಗುವುದಿಲ್ಲ. ಅದಕ್ಕೇ ಹೆಸರು ಜಾಸ್ತಿ ತಪ್ಪುವುದು ಅಲ್ಲಿ. ಒಂದು ಉತ್ತರ ತೆಗೆದುಕೊಂಡು ನೋಡೋಣ. ಪ್ರಶ್ನೆಯಲ್ಲಿ ಕೊಟ್ಟ ವಾಕ್ಯ: ‘ಕೆರೆಯ ಮೇಲೆ ಬಿದ್ದ ಬೆಳದಿಂಗಳು ಯಾರೋ ಹಾಲು ಚೆಲ್ಲಿದರೋ ಎಂಬಂತೆ ಕಾಣುತ್ತಿತ್ತು.’ ಮಗು ಬರೆದದ್ದು: ಅಲಂಕಾರ ಉಪಮೆ. ಉಪಮೇಯ ಬೆಳದಿಂಗಳು, ಉಪಮಾನ ಹಾಲು, ಉಪಮಾವಾಚಕ ಅಂತೆ, ಸಮಾನಧರ್ಮ ಬಿಳುಪು. ನೀಟಾಗಿದೆ, ನಾಲ್ಕೂ ಕಲಮು ತುಂಬಿವೆ. ಆದರೂ ಉತ್ತರ ತಪ್ಪು. ಇದು ಉತ್ಪ್ರೇಕ್ಷೆ.

ಇಂಥ ಉತ್ತರ ತಿದ್ದುವಾಗ ಮೊದಲು ಹೆಸರು ನೋಡಬೇಡಿ. ಕೆಳಗಿಂದ ಓದಿ. ಅಂದರೆ ಮೊದಲು ಸಮನ್ವಯ, ಆಮೇಲೆ ಲಕ್ಷಣ, ಕೊನೆಗೆ ಹೆಸರು. ಹೆಸರು ಮೊದಲು ಓದಿದರೆ ‘ತಪ್ಪು’ ಎಂದು ಗೀಟು ಎಳೆದು ಕೈ ಮುಂದಕ್ಕೆ ಹೋಗಿಬಿಡುತ್ತದೆ. ಮಗು ದಾರಿ ತಪ್ಪಿದ್ದು ಎಲ್ಲಿ ಎಂದು ಗೊತ್ತಾಗುವುದು ಸಮನ್ವಯದಲ್ಲೇ.

ಮೇಲಿನ ಸಮನ್ವಯದಲ್ಲಿ ‘ಬಿಳುಪು’ ಎಂಬ ಮಾತು ನೋಡಿ. ಕೊಟ್ಟ ವಾಕ್ಯದಲ್ಲಿ ಅದು ಇಲ್ಲವೇ ಇಲ್ಲ. ಕಲಮು ಖಾಲಿ ಬಿಡಬಾರದೆಂದು ಮಗು ಹೊರಗಿಂದ ತಂದು ಹಾಕಿದೆ. ಇದೊಂದು ಸುಳಿವು, ಆದರೆ ಇದನ್ನೇ ನಂಬಿ ತೀರ್ಮಾನಿಸಬೇಡಿ. ‘ಅವಳ ಮಾತು ಜೇನಿನಂತೆ’ ಎಂಬಲ್ಲೂ ಸಮಾನಧರ್ಮ ಇಲ್ಲ. ಆದರೂ ಅದು ಉಪಮೆಯೇ. ಒಂದು ಅಂಗ ಬಿಟ್ಟುಹೋದದ್ದರಿಂದ ಲುಪ್ತೋಪಮೆ.

ಇನ್ನೊಂದು ಸುಳಿವು ‘ಅಂತೆ’. ಮಗು ಆ ಎರಡು ಅಕ್ಷರ ನೋಡಿದ್ದೇ ಉಪಮೆ ಎಂದು ಬರೆದಿದೆ, ಅದರ ಹಿಂದೆ ಏನಿದೆ ಎಂದು ನೋಡಿಲ್ಲ. ‘ಹಾಲಿನಂತೆ’ ಎಂಬಲ್ಲಿ ಅದು ಒಂದು ವಸ್ತುವಿಗೆ ಅಂಟಿದೆ. ‘ಹಾಲು ಚೆಲ್ಲಿದರೋ ಎಂಬಂತೆ’ ಎಂಬಲ್ಲಿ ನಡೆಯದ ಒಂದು ಘಟನೆಗೇ ಅಂಟಿದೆ. ಇನ್ನು ‘ಅಪ್ಪ ಹೇಳಿದಂತೆ ಮಾಡಿದ’, ‘ನಿನ್ನೆ ಮಳೆ ಬಂತಂತೆ’ ಎಂಬಲ್ಲಿ ಹೋಲಿಕೆಯೂ ಇಲ್ಲ, ಅಲಂಕಾರವೂ ಇಲ್ಲ.

ಹಾಗಾದರೆ ಘಟನೆಗೆ ಅಂಟಿದ್ದೆಲ್ಲ ಉತ್ಪ್ರೇಕ್ಷೆ ಅನ್ನಬಹುದಾ? ಅದೂ ಆಗದು. ‘ಹಸು ಕರುವನ್ನು ನೆಕ್ಕುವಂತೆ ತಾಯಿ ಮಗುವನ್ನು ಮುದ್ದಿಸಿದಳು’ ಎಂಬುದು ಉಪಮೆ. ಇಲ್ಲಿ ನಾನು ಮಾಡುವ ಪರೀಕ್ಷೆ ಒಂದಿದೆ. ‘ಅಂತೆ’ ತೆಗೆದು ಆ ಜಾಗದಲ್ಲಿ ‘ಇರಬಹುದೇನೋ’ ಹಾಕಿ ಓದುತ್ತೇನೆ. ‘ಕೆರೆಯ ಮೇಲೆ ಯಾರೋ ಹಾಲು ಚೆಲ್ಲಿರಬಹುದೇನೋ!’ ಮಾತು ನಿಲ್ಲುತ್ತದೆ. ಬೆಳದಿಂಗಳನ್ನು ಕಂಡವನಿಗೆ ಹಾಗೆ ಅನ್ನಿಸಬಹುದು. ‘ತಾಯಿ ಮುದ್ದಿಸುತ್ತಿದ್ದಾಳೆ, ಹಸು ಕರುವನ್ನು ನೆಕ್ಕುತ್ತಿರಬಹುದೇನೋ’ ಎಂದರೆ ಅರ್ಥವೇ ಇಲ್ಲ. ತಾಯಿಯನ್ನು ಯಾರೂ ಹಸು ಎಂದು ಊಹಿಸುತ್ತಿಲ್ಲ, ಎರಡೂ ಪ್ರೀತಿಯನ್ನು ಅಕ್ಕಪಕ್ಕ ಇಟ್ಟಿದ್ದಾರೆ, ಅಷ್ಟೇ. ಹೋಲಿಸಿದರೆ ಉಪಮೆ, ಊಹಿಸಿದರೆ ಉತ್ಪ್ರೇಕ್ಷೆ.

ರೂಪಕ ಇಷ್ಟು ಕಾಡುವುದಿಲ್ಲ. ‘ಬೆಳದಿಂಗಳ ಹಾಲು ಕೆರೆಯ ತುಂಬ ಹರಡಿತು’ ಎಂದರೆ ನಡುವೆ ‘ಎಂಬ’ ಸೇರಿಸಿ ನೋಡಿ. ಬೆಳದಿಂಗಳೆಂಬ ಹಾಲು. ಎರಡೂ ಒಂದೇ ಆಗಿಬಿಟ್ಟವು, ಅಂದರೆ ರೂಪಕ.

ಇನ್ನು ಅಂಕ. ಹೆಸರು, ಲಕ್ಷಣ, ಸಮನ್ವಯಕ್ಕೆ ಒಂದೊಂದು ಅಂಕ ಎಂದಿಟ್ಟುಕೊಳ್ಳೋಣ. ಹೆಸರು ಉಪಮೆ ಎಂದಿದ್ದು, ಲಕ್ಷಣದಲ್ಲಿ ‘ಒಂದು ವಸ್ತುವನ್ನು ಇನ್ನೊಂದು ವಸ್ತುವಾಗಿ ಕಲ್ಪಿಸಿ ವರ್ಣಿಸುವುದು’ ಎಂದೂ, ಸಮನ್ವಯದಲ್ಲಿ ‘ಬೆಳದಿಂಗಳನ್ನು ಚೆಲ್ಲಿದ ಹಾಲೆಂದು ಕಲ್ಪಿಸಲಾಗಿದೆ’ ಎಂದೂ ಬರೆದಿದ್ದರೆ ಮಗುವಿಗೆ ವಿಷಯ ಗೊತ್ತಿದೆ, ಹೆಸರು ಅದಲು ಬದಲಾಗಿದೆ. ಒಂದು ಅಂಕ ಮಾತ್ರ ಹೋಗಬೇಕು. ನಮ್ಮ ಉದಾಹರಣೆಯ ಉತ್ತರ ಹಾಗಲ್ಲ. ಅಲ್ಲಿ ತಪ್ಪು ಹೆಸರಿಗೆ ತಕ್ಕಂತೆ ಸಮನ್ವಯವನ್ನೂ ಹೊಂದಿಸಲಾಗಿದೆ. ಅದಕ್ಕೆ ಅಂಕ ಕೊಡುವ ಹಾಗಿಲ್ಲ. ಹೆಸರು ಸರಿಯಿದ್ದು ಸಮನ್ವಯ ಅಡ್ಡಾದಿಡ್ಡಿ ಇದ್ದರೆ ಅದು ಬಾಯಿಪಾಠದ ಫಲ. ಇಂಥದ್ದಕ್ಕೆ ಪೂರ್ತಿ ಅಂಕ ಬೀಳುವುದೇ ಜಾಸ್ತಿ, ಯಾಕೆಂದರೆ ಕಣ್ಣು ಹೆಸರಿನ ಮೇಲೇ ನಿಂತಿರುತ್ತದೆ.

ಕೆಂಪು ಶಾಯಿಯಲ್ಲಿ ಸುಮ್ನೆ ‘ಉತ್ಪ್ರೇಕ್ಷೆ’ ಎಂದು ಬರೆದರೆ ಮಗು ಇನ್ನೊಂದು ಹೆಸರು ಬಾಯಿಪಾಠ ಮಾಡುತ್ತದೆ. ‘ಚೆಲ್ಲಿದರೋ’ ಎಂಬ ಪದದ ಅಡಿಗೆ ಗೆರೆ ಎಳೆದು ‘ನಿಜವಾಗಿ ಯಾರಾದರೂ ಚೆಲ್ಲಿದರಾ?’ ಎಂದು ಕೇಳಿ. ‘ಇಲ್ಲ ಸಾರ್, ಹಾಗೆ ಅಂದ್ಕೊಂಡಿದ್ದು’ ಎಂದು ಅದರ ಬಾಯಿಂದಲೇ ಬರುತ್ತದೆ. ಉತ್ಪ್ರೇಕ್ಷೆಯ ಲಕ್ಷಣ ಅದೇ ಅಲ್ವಾ?

ಮಕ್ಕಳಷ್ಟೇ ಅಲ್ಲ, ಗೈಡುಗಳೂ ಎಡವುವ ಇನ್ನೊಂದು ಜೋಡಿ ಇದೆ: ದೃಷ್ಟಾಂತ ಮತ್ತು ಅರ್ಥಾಂತರನ್ಯಾಸ. ಎರಡರಲ್ಲೂ ಎರಡೆರಡು ವಾಕ್ಯ, ಹೋಲಿಕೆಯ ಪದ ಇಲ್ಲ. ಇಲ್ಲಿ ವಾಕ್ಯಗಳ ನಡುವೆ ಒಂದು ಪದ ಇಟ್ಟು ನೋಡಿ. ‘ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯಲ್ಲಿ ‘ಹಾಗೆಯೇ’ ಕೂರುತ್ತದೆ, ‘ಯಾಕೆಂದರೆ’ ಕೂರುವುದಿಲ್ಲ. ಒಂದು ಇನ್ನೊಂದರ ಪ್ರತಿಬಿಂಬದಂತಿದೆ, ಹಾಗಾಗಿ ದೃಷ್ಟಾಂತ. ‘ಆ ಹುಡುಗ ಬೀದಿದೀಪದಲ್ಲಿ ಓದಿ ಮೊದಲ ಸ್ಥಾನ ಪಡೆದ, ಶ್ರಮಪಟ್ಟವರಿಗೆ ಆಗದ್ದು ಏನಿದೆ?’ ಎಂಬಲ್ಲಿ ‘ಯಾಕೆಂದರೆ’ ಸಲೀಸಾಗಿ ಕೂರುತ್ತದೆ. ಒಬ್ಬ ಹುಡುಗನ ವಿಶೇಷ ಸಂಗತಿಯನ್ನು ಎಲ್ಲರಿಗೂ ಸಲ್ಲುವ ಸಾಮಾನ್ಯ ಮಾತು ಸಮರ್ಥಿಸುತ್ತಿದೆ, ಹಾಗಾಗಿ ಅರ್ಥಾಂತರನ್ಯಾಸ. ಸಾಮಾನ್ಯ ಮಾತು ಮೊದಲು ಬಂದು ವಿಶೇಷ ಆಮೇಲೆ ಬಂದರೆ ಈ ಪದ ಸ್ವಲ್ಪ ತಡವರಿಸುತ್ತದೆ. ಆಗ ‘ಬೇಕಾದರೆ ನೋಡಿ’ ಎಂದು ಇಟ್ಟು ಓದಿ. ಶ್ರಮಪಟ್ಟವರಿಗೆ ಆಗದ್ದು ಏನಿದೆ? ಬೇಕಾದರೆ ನೋಡಿ, ಆ ಹುಡುಗ ಬೀದಿದೀಪದಲ್ಲಿ ಓದಿ ಮೊದಲ ಸ್ಥಾನ ಪಡೆದ.

ಮಾದರಿ ಉತ್ತರದಲ್ಲೇ ಹೆಸರು ತಪ್ಪಿದೆ ಅನ್ನಿಸಿದರೆ ಶಾಲೆಯ ಕಿರುಪರೀಕ್ಷೆಯಲ್ಲಿ ನೀವೇ ತಿದ್ದಿಕೊಳ್ಳಬಹುದು. ಮೌಲ್ಯಮಾಪನ ಕೇಂದ್ರದಲ್ಲಿ ಹಾಗೆ ಮಾಡಬೇಡಿ. ಒಬ್ಬರು ಒಂದು ಥರ, ಪಕ್ಕದವರು ಇನ್ನೊಂದು ಥರ ಅಂಕ ಕೊಟ್ಟರೆ ನಷ್ಟ ಮಕ್ಕಳಿಗೇ. ವಾಕ್ಯವನ್ನು ಚೀಟಿಯಲ್ಲಿ ಬರೆದು, ಯಾವ ಪದ ಕೂರುತ್ತದೆ, ಯಾವುದು ಕೂರುವುದಿಲ್ಲ ಎಂದು ಎರಡು ಸಾಲು ಸೇರಿಸಿ, ಬಂಡಲು ಬಿಚ್ಚುವ ಮೊದಲೇ ಮುಖ್ಯ ಮೌಲ್ಯಮಾಪಕರ ಕೈಗೆ ಕೊಡಿ.